ಬೆಕ್ಕಿನೊಡನೆ ಘಟ್ಟ ಹತ್ತುವ ಮುನ್ನ: ಪೆಟ್ಟಿಗೆಯನ್ನು ಮನೆಯಾಗಿಸುವ ಆರು ವಾರಗಳು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗಳಿಗೆ ಮೈಸೂರಿನಲ್ಲಿ ಪಿಯುಸಿ ಓದಿಸುವುದೆಂದು ತೀರ್ಮಾನವಾದಾಗ, ಮನೆಯನ್ನೇ ಅಲ್ಲಿಗೆ ಸಾಗಿಸುವುದು ನಮಗೆ ಅನಿವಾರ್ಯವಾಯಿತು. ಗಡಿನಾಡಿನ ಅನೇಕ ಕುಟುಂಬಗಳಿಗೆ ಇದು ಹೊಸ ಅನುಭವವಲ್ಲ. ಪಾತ್ರೆಪಗಡೆ, ಪುಸ್ತಕ, ಹಾಸಿಗೆ ಎಲ್ಲದಕ್ಕೂ ಲಾರಿ ಗೊತ್ತಾಯಿತು. ಉಳಿದದ್ದು ನಾಲ್ಕು ವರ್ಷದ ಬೊಳ್ಳಿ. ಬಿಳಿಯ ಬಣ್ಣದ, ಸಂತಾನಹರಣ ಚಿಕಿತ್ಸೆಯಾದ, ಹಗಲೆಲ್ಲ ತೋಟದಲ್ಲಿದ್ದು ರಾತ್ರಿ ಒಳಗೆ ಬಂದು ಮಲಗುವ ಸಾಮಾನ್ಯ ನಾಡುಬೆಕ್ಕು.

ಬೊಳ್ಳಿಯನ್ನು ಒಯ್ಯುವುದು ಹೇಗೆಂದು ಕೇಳಿದಾಗ ಹಿರಿಯರೊಬ್ಬರು ಸಹಜವಾಗಿ, “ಒಂದು ಗೋಣಿಯಲ್ಲಿ ಹಾಕಿದರಾಯಿತು” ಎಂದರು. ನಮ್ಮ ಕಡೆ ಬೇಡವಾದ ಬೆಕ್ಕನ್ನು ಹೊಳೆಯಾಚೆ ಬಿಟ್ಟುಬರುವ ಕ್ರಮವೂ ಅದೇ. ಹಿಂದಿನ ವರ್ಷ ಚುಚ್ಚುಮದ್ದಿಗಾಗಿ ಅವಳನ್ನು ಮುಚ್ಚಳ ಕಟ್ಟಿದ ಬುಟ್ಟಿಯಲ್ಲಿ ಆಟೋರಿಕ್ಷಾದಲ್ಲಿ ಒಯ್ದಿದ್ದೆವು. ಹತ್ತು ನಿಮಿಷದ ದಾರಿಯಲ್ಲಿ ಅವಳು ಬುಟ್ಟಿಯಲ್ಲೇ ಮೂತ್ರ ಮಾಡಿದಳು. ಮರಳಿದ ಮೇಲೆ ಎರಡು ದಿನ ಅಟ್ಟದಿಂದ ಇಳಿಯಲಿಲ್ಲ. ಹತ್ತು ನಿಮಿಷಕ್ಕೇ ಹೀಗಾದರೆ ಸುಳ್ಯ, ಮಡಿಕೇರಿಗಳ ಮೂಲಕ ಸಾಗುವ 200 ಕಿ.ಮೀ.ಗೂ ಮಿಕ್ಕ ದಾರಿಯಲ್ಲಿ, ಘಟ್ಟದ ತಿರುವೊಂದರಲ್ಲಿ ಬುಟ್ಟಿಯ ಹಗ್ಗ ಸಡಿಲಿದರೆ ಗತಿಯೇನು? ಕಾಡಿನೊಳಕ್ಕೆ ಹಾರಿದ ಬೆಕ್ಕನ್ನು ಮತ್ತೆ ಕರೆದು ತರುವುದು ಅಸಾಧ್ಯವೆಂದೇ ಹೇಳಬೇಕು. ಹೊರಡಲು ಆಗ ಆರು ವಾರಗಳಿದ್ದವು. ಅಷ್ಟು ಕಾಲವನ್ನು ನಾವು ಬಳಸಿಕೊಂಡ ರೀತಿಯನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಬೆಕ್ಕು ಹೆದರುವುದು ಏತಕ್ಕೆ

ನಾಯಿಗೆ ಯಜಮಾನನಿದ್ದಲ್ಲಿ ಮನೆ. ಬೆಕ್ಕಿಗೆ ತನ್ನ ವಾಸನೆಯಿದ್ದಲ್ಲಿ ಮನೆ. ಬಾಗಿಲ ಮೂಲೆಗೆ, ಕುರ್ಚಿಯ ಕಾಲಿಗೆ, ನಮ್ಮ ಮೊಣಕಾಲಿಗೆ ಅದು ಕೆನ್ನೆ ಉಜ್ಜುವುದನ್ನು ಎಲ್ಲರೂ ಕಂಡಿದ್ದೇವೆ. ಕೆನ್ನೆಯ ಗ್ರಂಥಿಗಳಿಂದ ಒಸರುವ ವಾಸನೆಯನ್ನು ಅದು ಹಾಗೆ ಲೇಪಿಸಿ, ಈ ಜಾಗ ತನಗೆ ಪರಿಚಿತವೆಂದು ಗುರುತು ಮಾಡುತ್ತದೆ. ಪ್ರಯಾಣವು ಈ ಗುರುತುಗಳನ್ನೆಲ್ಲ ಒಮ್ಮೆಗೇ ಕಿತ್ತುಕೊಳ್ಳುತ್ತದೆ. ಜೊತೆಗೆ, ಹೆದರಿದ ಬೆಕ್ಕಿಗೆ ತಿಳಿದಿರುವ ಉಪಾಯಗಳು ಓಡುವುದು ಮತ್ತು ಅಡಗುವುದು. ಗೋಣಿಯಲ್ಲಿ ಓಡಲಾಗದು, ಅಲುಗಾಡುವ ಬುಟ್ಟಿಯಲ್ಲಿ ಅಡಗಿದ ನೆಮ್ಮದಿಯೂ ಇಲ್ಲ.

ಹಾಗಾದರೆ ಪರಿಹಾರವೂ ಇದರೊಳಗೇ ಇದೆ. ಬೆಕ್ಕು ತಾನಾಗಿ ಹೋಗಿ ಅಡಗಿ ಮಲಗುವ, ಅದರದೇ ವಾಸನೆ ತುಂಬಿದ ಒಂದು ಪೆಟ್ಟಿಗೆಯಿದ್ದರೆ, ಊರು ಬದಲಾದರೂ ಮನೆಯ ಒಂದು ಮೂಲೆ ಅದರ ಜೊತೆಗೇ ಪಯಣಿಸುತ್ತದೆ. ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. 22 ಬೆಕ್ಕುಗಳಲ್ಲಿ 11ಕ್ಕೆ 28 ಸಲ ಪೆಟ್ಟಿಗೆಯ ಅಭ್ಯಾಸ ಮಾಡಿಸಲಾಯಿತು, ಉಳಿದವಕ್ಕೆ ಇಲ್ಲ. ಬಳಿಕ ಕಾರಿನಲ್ಲಿ ಒಯ್ದಾಗ ಅಭ್ಯಾಸ ಪಡೆದ ಬೆಕ್ಕುಗಳಲ್ಲಿ ಭಯದ ಲಕ್ಷಣಗಳು ಕಡಿಮೆ ಕಂಡವು.

ಪೆಟ್ಟಿಗೆಯ ಆಯ್ಕೆ

ಅಂಗಡಿಯವರು ಕ್ಯಾರಿಯರ್ ಎನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಕೊಂಡೆವು. ಬೆಕ್ಕು ಅದರಲ್ಲಿ ತಲೆ ತಗ್ಗಿಸದೆ ನಿಲ್ಲಬೇಕು, ಪೂರ್ತಿ ತಿರುಗಬೇಕು, ಕಾಲು ಮಡಚಿ ಮಲಗಬೇಕು. ಅದಕ್ಕಿಂತ ಬಹಳ ದೊಡ್ಡದಾದರೆ ತಿರುವಿನಲ್ಲಿ ಅದು ಅತ್ತಿತ್ತ ಜಾರುತ್ತದೆ. ಮೇಲಿನ ಅರ್ಧಭಾಗವನ್ನು ಕಳಚಿ ತೆಗೆಯಲು ಬರುವಂಥದ್ದೇ ಮೇಲು. ಅಭ್ಯಾಸ ಆರಂಭವಾಗುವುದೇ ಮುಚ್ಚಳವಿಲ್ಲದ ಪೆಟ್ಟಿಗೆಯಿಂದ. ಅಲ್ಲದೆ ವೈದ್ಯರ ಬಳಿ ಬೆಕ್ಕನ್ನು ಎಳೆದು ಹೊರತೆಗೆಯದೆ, ಮುಚ್ಚಳ ಬಿಚ್ಚಿ, ಅದು ಕುಳಿತಲ್ಲೇ ಪರೀಕ್ಷಿಸಬಹುದು. ರಟ್ಟಿನ ಪೆಟ್ಟಿಗೆ ಸಾಲದು. ಅದು ಮೂತ್ರದಿಂದ ತೋಯ್ದರೆ ತಳವೇ ಕಳಚಿಕೊಳ್ಳುತ್ತದೆ.

ಆರು ವಾರಗಳ ಅಭ್ಯಾಸ

ಮೊದಲ ವಾರ ಪೆಟ್ಟಿಗೆಯ ಕೆಳಗಿನ ಅರ್ಧವನ್ನು ಮಾತ್ರ, ಬೊಳ್ಳಿ ಮಧ್ಯಾಹ್ನ ಮಲಗುವ ಕೋಣೆಯ ಮೂಲೆಯಲ್ಲಿಟ್ಟೆವು. ಒಳಗೆ ಅಜ್ಜಿಯ ಹಳೆಯ ಹತ್ತಿ ಸೀರೆಯನ್ನು ಮಡಚಿ ಹಾಸಿದೆವು. ಮಕ್ಕಳಿಗೆ ಒಂದೇ ಕಟ್ಟಪ್ಪಣೆ: ಅವಳನ್ನು ಎತ್ತಿ ಅದರೊಳಗೆ ಇಡಬಾರದು. ಊಟದ ತಟ್ಟೆಯನ್ನು ಮೊದಲು ಪೆಟ್ಟಿಗೆಯಿಂದ ಎರಡು ಮಾರು ದೂರದಲ್ಲಿಟ್ಟು, ದಿನಕ್ಕಿಷ್ಟರಂತೆ ಹತ್ತಿರ ತಂದೆವು. ಐದನೆಯ ದಿನ ಅವಳು ಮುಂಗಾಲೆರಡನ್ನು ಒಳಗಿಟ್ಟು ತಿಂದಳು. ಏಳನೆಯ ದಿನ ಪೂರ್ತಿ ಒಳಗಿದ್ದಳು.

ಎರಡನೆಯ ವಾರ ಬಾಗಿಲಿಲ್ಲದೆ ಮುಚ್ಚಳವನ್ನು ಮಾತ್ರ ಜೋಡಿಸಿದೆವು. ತಟ್ಟೆ ಈಗ ಪೆಟ್ಟಿಗೆಯ ಹಿಂದಿನ ಕೊನೆಯಲ್ಲಿ. ಊಟವಲ್ಲದ ಹೊತ್ತಿನಲ್ಲೂ ಬೇಯಿಸಿದ ಬೂತಾಯಿ ಮೀನಿನ ಉಗುರಿನಷ್ಟು ಚೂರನ್ನು, ಅವಳು ನೋಡದಿರುವಾಗ ಒಳಗೆ ಹಾಕಿಡುತ್ತಿದ್ದೆವು. ಆ ಪೆಟ್ಟಿಗೆಯಲ್ಲಿ ಆಗಾಗ ಮೀನು ಹುಟ್ಟುತ್ತದೆಂದು ಅವಳು ತಿಳಿದುಕೊಂಡಳು. ಉಪ್ಪು, ಮಸಾಲೆ ಸೋಕದ ಮೀನೇ ಆಗಬೇಕು. ಉಪ್ಪು ಹೆಚ್ಚಿರುವ ಒಣಮೀನು ಬೇಡ. ಮೀನು ತಾರದ ಮನೆಗಳಲ್ಲಿ ಬೆಕ್ಕಿಗೆ ರೂಢಿಯಿರುವ ಮೊಸರಿನ ಒಂದು ನೆಕ್ಕು ಸಾಕು.

ಮೂರನೆಯ ವಾರ ಬಾಗಿಲು ಬಂದಿತು, ಅದರೊಡನೆ ನಮ್ಮ ತಪ್ಪೂ ಬಂದಿತು. ಅವಳು ತಿನ್ನುತ್ತಿರುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಐದು ಎಣಿಸಿ, ಅವಳು ತಟ್ಟೆ ಮುಗಿಸುವ ಮುನ್ನವೇ ತೆರೆಯಬೇಕೆಂಬುದು ಕ್ರಮ. ಎರಡನೆಯ ದಿನ ಮಗ ಅವಸರದಲ್ಲಿ ಅಗುಳಿಯನ್ನು ಟಪ್ಪೆಂದು ಹಾಕಿದ. ಬೊಳ್ಳಿ ಬೆಚ್ಚಿ ಬಾಗಿಲಿಗೆ ಹಾಯ್ದಳು. ಮುಂದಿನ ಮೂರು ದಿನ ಪೆಟ್ಟಿಗೆಯ ಸಮೀಪಕ್ಕೆ ಸುಳಿಯಲಿಲ್ಲ. ಇಂಥ ಸಮಯದಲ್ಲಿ ಒತ್ತಾಯಿಸಿದರೆ ಹಿಂದಿನ ಎರಡು ವಾರದ ಕೆಲಸವೂ ನೀರಿನಲ್ಲಿ ಹೋಮವಾಗುತ್ತದೆ. ನಾವು ಮುಚ್ಚಳ ತೆಗೆದು ಮೊದಲ ವಾರದ ಸ್ಥಿತಿಗೇ ಮರಳಿದೆವು. ಒಮ್ಮೆ ಕಲಿತದ್ದಾದ್ದರಿಂದ ಈ ಬಾರಿ ಎರಡೇ ದಿನ ಸಾಕಾಯಿತು. ಅಗುಳಿಗೆ ಬಟ್ಟೆಯ ಪಟ್ಟಿ ಸುತ್ತಿ ಸದ್ದಡಗಿಸಿದೆವು. ಐದರ ಎಣಿಕೆ ಇಪ್ಪತ್ತಾಯಿತು, ಒಂದು ನಿಮಿಷವಾಯಿತು, ವಾರದ ಕೊನೆಗೆ ಹತ್ತು ನಿಮಿಷವಾಯಿತು.

ನಾಲ್ಕನೆಯ ವಾರ ಎತ್ತುವ ಅಭ್ಯಾಸ. ಮೇಲಿನ ಹಿಡಿಯಲ್ಲಿ ತೂಗಾಡಿಸಿ ಒಯ್ದರೆ ಒಳಗಿರುವುದಕ್ಕೆ ತೊಟ್ಟಿಲಲ್ಲ, ಭೂಕಂಪ. ಎರಡೂ ಕೈಗಳನ್ನು ತಳಕ್ಕೆ ಕೊಟ್ಟು, ಎದೆಗಾನಿಸಿ, ಚಾವಡಿಯವರೆಗೆ ಒಯ್ದು ಇಳಿಸಿ ಮೀನಿನ ಚೂರು ಕೊಟ್ಟೆವು. ಆಮೇಲೆ ನಿಂತ ಕಾರಿನೊಳಗೆ, ಎಂಜಿನ್ ಆರಿಸಿದಂತೆಯೇ ಐದು ನಿಮಿಷ. ಮರುದಿನ ಎಂಜಿನ್ ಚಾಲೂ ಮಾಡಿ ಐದು ನಿಮಿಷ. ಐದನೆಯ ವಾರ ಕಾರು ಚಲಿಸಿತು. ಮೊದಲು ಗೇಟಿನವರೆಗೆ, ಮತ್ತೆ ಹತ್ತು ನಿಮಿಷ, ಬಳಿಕ ಅರ್ಧ ಗಂಟೆ. ಪ್ರತಿ ಸಲವೂ ಪಯಣ ಮನೆಯಲ್ಲೇ ಕೊನೆಗೊಂಡು ಊಟ ಕಾದಿರುತ್ತಿತ್ತು. ಪೆಟ್ಟಿಗೆಯೇರಿದರೆ ಆಸ್ಪತ್ರೆಯೇ ಎಂಬ ಹಳೆಯ ಲೆಕ್ಕ ಹೀಗೆ ಅಳಿಸಿಹೋಯಿತು.

ಒಂದೇ ಕ್ರಮ, ಒಂದೇ ಮಾತು

ಮುಂದೇನಾಗುತ್ತದೆಂದು ತಿಳಿದಿದ್ದರೆ ಬೆಕ್ಕಿನ ಭಯ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಪ್ರತಿ ಅಭ್ಯಾಸಕ್ಕೂ ಒಂದೇ ಕ್ರಮವನ್ನಿಟ್ಟುಕೊಂಡೆವು. ಮೊದಲು ಹಗ್ಗದ ತುಂಡಿನೊಡನೆ ಹತ್ತು ನಿಮಿಷ ಆಟ. ಬಳಿಕ ಮೆತ್ತನೆಯ ಹತ್ತಿಬಟ್ಟೆಯಿಂದ ಅವಳ ಕೆನ್ನೆಗಳನ್ನು ಸವರಿ, ಆ ಬಟ್ಟೆಯನ್ನು ಪೆಟ್ಟಿಗೆಯೊಳಗಿನ ಗೋಡೆಗೆ, ಮೂಲೆಗಳಿಗೆ ಉಜ್ಜುವುದು. ಬೆಕ್ಕಿನ ಕೆನ್ನೆಯ ವಾಸನೆಯನ್ನು ಹೋಲುವ ಕೃತಕ ದ್ರವವೂ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಬೆಕ್ಕನ್ನು ಒಳಗೆ ಬಿಡುವುದಕ್ಕೆ ಸುಮಾರು ಹದಿನೈದು ನಿಮಿಷ ಮೊದಲು ಸಿಂಪಡಿಸಬೇಕು. ನಾವು ಬಟ್ಟೆಯಲ್ಲೇ ತೃಪ್ತರಾದೆವು. ಅನಂತರ “ಗೂಡಿಗೆ ಬಾ” ಎಂಬ ಒಂದೇ ಮಾತು, ಒಂದೇ ದನಿಯಲ್ಲಿ. ಅವಳು ಹೊಕ್ಕ ಮೇಲೆ ಮೀನಿನ ಚೂರು, ಬಾಗಿಲು, ಕೊನೆಗೆ ಮುಕ್ಕಾಲು ಪೆಟ್ಟಿಗೆಯನ್ನು ಮುಚ್ಚುವ ತೆಳು ಬಟ್ಟೆ. ಕಾಣದಿದ್ದರೆ ಅಡಗಿದಂತೆಯೇ ಎಂಬುದು ಬೆಕ್ಕಿನ ತರ್ಕ. ಗಾಳಿಯಾಡಲು ಒಂದು ಬದಿ ಸದಾ ತೆರೆದಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೂಗುವ ಬೆಕ್ಕು ಹೆದರಿದೆ, ಸುಮ್ಮನಿರುವ ಬೆಕ್ಕು ನೆಮ್ಮದಿಯಾಗಿದೆ ಎಂದು ನಾವೂ ಭಾವಿಸಿದ್ದೆವು. ಅದು ಸರಿಯಲ್ಲ. ಅತಿಯಾಗಿ ಹೆದರಿದ ಬೆಕ್ಕು ಕೂಗುವುದನ್ನೂ ನಿಲ್ಲಿಸಿ ಕಲ್ಲಿನಂತಾಗುತ್ತದೆ. ಮೈ ಮುದುಡಿ, ಕಿವಿಗಳು ಬದಿಗೆ ಚಪ್ಪಟೆಯಾಗಿ, ಬೆಳಕಿನಲ್ಲೂ ಕಣ್ಣಿನ ಪಾಪೆ ದೊಡ್ಡದಾಗಿ, ಉಸಿರು ವೇಗವಾಗಿದ್ದರೆ ಅದು ಭಯ. ಒಂದು ಬದಿಗೆ ಒರಗಿ, ಕಣ್ಣನ್ನು ಅರೆಮುಚ್ಚಿ, ಕೊಟ್ಟ ತಿನಿಸನ್ನು ತಿಂದರೆ ಅದು ನೆಮ್ಮದಿ. ಸುಲಭವಾದ ಪರೀಕ್ಷೆಯೆಂದರೆ ಮೀನಿನ ಚೂರು. ಹಸಿದಿದ್ದರೂ ಅದನ್ನು ಮೂಸದಿದ್ದರೆ ಆ ಮೆಟ್ಟಿಲು ಇನ್ನೂ ಎತ್ತರದ್ದೆಂದು ತಿಳಿದು ಹಿಂದಿನದಕ್ಕೆ ಇಳಿಯಬೇಕು.

ಹೊಟ್ಟೆ ತೊಳಸುವುದು ಮತ್ತು ಔಷಧ

ಅರ್ಧ ಗಂಟೆಯ ಪಯಣದಲ್ಲಿ ಬೊಳ್ಳಿ ಜೊಲ್ಲು ಸುರಿಸಿ, ಮತ್ತೆ ಮತ್ತೆ ತುಟಿ ನೆಕ್ಕಿಕೊಂಡಳು. ಇದು ಭಯಕ್ಕಿಂತ ಹೆಚ್ಚಾಗಿ ವಾಂತಿಯ ಮುನ್ಸೂಚನೆ. ಒಳಕಿವಿಗೆ ತಿರುವುಗಳ ಅರಿವಾಗುತ್ತಿರುವಾಗ ಕಣ್ಣಿಗೆ ಪೆಟ್ಟಿಗೆಯ ಒಳಗೋಡೆ ನಿಶ್ಚಲವಾಗಿ ಕಾಣುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಘಟ್ಟದ ದಾರಿಯಲ್ಲಿ ಮಕ್ಕಳಿಗೆ ಆಗುವುದೂ ಇದೇ. ಪೆಟ್ಟಿಗೆಯನ್ನು ಎಷ್ಟು ಪ್ರೀತಿಸಿದರೂ ಅಭ್ಯಾಸದಿಂದ ಮಾತ್ರ ಇದು ವಾಸಿಯಾಗುವುದಿಲ್ಲ.

ಹೀಗಾಗಿ ಆರನೆಯ ವಾರ ಪಶುವೈದ್ಯರನ್ನು ಕಂಡೆವು. ರೇಬೀಸ್ ಚುಚ್ಚುಮದ್ದನ್ನು ಒಂದು ತಿಂಗಳ ಹಿಂದೆಯೇ ಹಾಕಿಸಿದ್ದೆವು. ಅದರ ಪ್ರಮಾಣಪತ್ರವನ್ನು ಪಯಣದಲ್ಲಿ ಜೊತೆಗಿಟ್ಟುಕೊಂಡೆವು. ವೈದ್ಯರು ವಾಂತಿ ತಡೆಯುವ ಮದ್ದನ್ನೂ, ಭಯ ತಗ್ಗಿಸಲು ಗ್ಯಾಬಪೆಂಟಿನ್ ಎಂಬ ಔಷಧವನ್ನೂ ಬೊಳ್ಳಿಯ ತೂಕಕ್ಕೆ ಲೆಕ್ಕ ಹಾಕಿ ಕೊಟ್ಟರು. ಮೂತ್ರಪಿಂಡದ ತೊಂದರೆಯಿರುವ ಬೆಕ್ಕಿಗೆ ಅದರ ಪ್ರಮಾಣ ಬೇರೆಯಾಗುವುದರಿಂದ ಈ ಲೆಕ್ಕವನ್ನು ವೈದ್ಯರೇ ಮಾಡಬೇಕು. ಹೊರಡುವ ದಿನಕ್ಕೆ ಮುನ್ನವೇ ಒಮ್ಮೆ ಮನೆಯಲ್ಲಿ ಕೊಟ್ಟು ನೋಡಲು ಅವರು ಸೂಚಿಸಿದರು. ಆ ದಿನ ಅವಳು ತುಸು ತೂರಾಡಿ ನಡೆದಳು, ಹೆಚ್ಚು ನಿದ್ರಿಸಿದಳು, ಸಂಜೆಗೆ ಎಂದಿನಂತಾದಳು. ಇದನ್ನು ಮೊದಲೇ ಕಂಡಿದ್ದರಿಂದ ಪಯಣದ ದಿನ ನಾವು ಗಾಬರಿಯಾಗಲಿಲ್ಲ.

ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಮುರಿದು ಕೊಡುವ ಯೋಚನೆಯನ್ನು ಯಾರೂ ಮಾಡಬಾರದು. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ.

ರೈಲೋ ಕಾರೋ

ಮಂಗಳೂರಿನಿಂದ ಮೈಸೂರಿಗೆ ಸುಬ್ರಹ್ಮಣ್ಯದ ಘಟ್ಟದ ಮೂಲಕ ರೈಲು ಇದ್ದರೂ ನಾವು ಕಾರನ್ನೇ ಆರಿಸಿದೆವು. ಸ್ಲೀಪರಿನಲ್ಲಾಗಲಿ ಎಸಿಯ ಟೂ ಟಯರ್, ತ್ರೀ ಟಯರ್ ಡಬ್ಬಿಗಳಲ್ಲಾಗಲಿ ಸಾಕುಪ್ರಾಣಿಯನ್ನು ಜೊತೆಗೆ ಕೂರಿಸಿಕೊಳ್ಳಲು ರೈಲ್ವೆ ನಿಯಮ ಬಿಡುವುದಿಲ್ಲ. ಫಸ್ಟ್ ಎಸಿಯಲ್ಲಿ ಎರಡು ಬರ್ತುಗಳ ಕೂಪೆಯೋ ನಾಲ್ಕು ಬರ್ತುಗಳ ಕ್ಯಾಬಿನ್ನೋ ಇಡಿಯಾಗಿ ನಮ್ಮದಾಗಿದ್ದು, ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಹಣ ಕಟ್ಟಿ ರಸೀದಿ ಪಡೆದರೆ ಒಯ್ಯಬಹುದು. ಕೂಪೆ ದೊರೆಯಿತೇ ಎಂಬುದು ಚಾರ್ಟ್ ಸಿದ್ಧವಾದಾಗಲೇ ತಿಳಿಯುತ್ತದೆ. ಇಲ್ಲವಾದರೆ ಉಳಿಯುವುದು ಗಾರ್ಡಿನ ಬಳಿಯ ಬ್ರೇಕ್ ವ್ಯಾನ್. ಸೆಕೆಯಲ್ಲಿ, ಕಬ್ಬಿಣದ ಸದ್ದಿನ ನಡುವೆ, ನಮ್ಮ ದನಿಯೂ ಕೇಳದ ಆ ಜಾಗಕ್ಕೆ ಬೆಕ್ಕನ್ನು ಒಪ್ಪಿಸಲು ನಮ್ಮ ಮನಸ್ಸು ಒಪ್ಪಲಿಲ್ಲ. ಸೊಲ್ಲಾಪುರ, ಆದೋನಿಗಳ ಕಡೆಯಿಂದ ರೈಲನ್ನೇ ನಂಬಬೇಕಾದವರು ಕೆಲವು ದಿನ ಮೊದಲೇ ಪಾರ್ಸೆಲ್ ಕಚೇರಿಯನ್ನು ವಿಚಾರಿಸಿ, ಬೇಕಾದ ದಾಖಲೆಗಳನ್ನು ಬರೆದುಕೊಳ್ಳುವುದು ಲೇಸು. ಅಂಥವರ ಅಭ್ಯಾಸದಲ್ಲಿ ಒಂದು ಮೆಟ್ಟಿಲು ಹೆಚ್ಚಿಗೆ ಬೇಕು: ಪೆಟ್ಟಿಗೆಯೊಡನೆ ನಿಲ್ದಾಣದ ಹೊರಗೆ ಹತ್ತು ನಿಮಿಷ ಕುಳಿತು, ರೈಲಿನ ಕೂಗಿಗೆ ಬೆಕ್ಕಿನ ಕಿವಿಯನ್ನು ಪಳಗಿಸುವುದು. ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಯಾವ ಕಾರಣಕ್ಕೂ ಪೆಟ್ಟಿಗೆಯ ಬಾಗಿಲು ತೆರೆಯಬಾರದು.

ಹೊರಟ ದಿನ

ಮೇ ತಿಂಗಳ ಬಿಸಿಲೇರುವ ಮುನ್ನ ಘಟ್ಟ ದಾಟಬೇಕೆಂದು ಬೆಳಗಿನ ಐದು ಗಂಟೆಗೆ ಹೊರಡಲು ನಿಶ್ಚಯಿಸಿದೆವು. ಸಾಮಾನು ಕಟ್ಟುವ ಗದ್ದಲ ಕಂಡರೆ ಬೆಕ್ಕು ತೋಟ ಸೇರುತ್ತದೆ. ಹೊರಡುವ ಹೊತ್ತಿಗೆ ಬೆಕ್ಕೇ ಇಲ್ಲವಾಗುವುದು ಹೀಗೆ. ಅದಕ್ಕಾಗಿ ಹಿಂದಿನ ಸಂಜೆಯೇ ಬೊಳ್ಳಿಯನ್ನು ಅವಳ ಪೆಟ್ಟಿಗೆ, ನೀರು, ಮರಳಿನ ತಟ್ಟೆಗಳೊಡನೆ ಒಂದು ಕೋಣೆಯಲ್ಲಿಟ್ಟು ಚಿಲಕ ಹಾಕಿದೆವು. ರಾತ್ರಿ ಒಂಬತ್ತಕ್ಕೆ ಕೊನೆಯ ಊಟ. ಬೆಳೆದ ಬೆಕ್ಕಿಗೆ ಪಯಣಕ್ಕೆ ಮುನ್ನ ನಾಲ್ಕಾರು ಗಂಟೆ ಹೊಟ್ಟೆ ಖಾಲಿಯಿರುವುದು ಒಳ್ಳೆಯದು. ಮರಿಗಳನ್ನು ಅಷ್ಟು ಹೊತ್ತು ಉಪವಾಸ ಇಡಬಾರದು. ಮೂರೂವರೆಗೆ ವೈದ್ಯರು ಹೇಳಿದಂತೆ ಔಷಧ. ನಾಲ್ಕೂ ಮುಕ್ಕಾಲಿಗೆ “ಗೂಡಿಗೆ ಬಾ” ಎಂದಾಗ ಅವಳು ತಾನೇ ಹೊಕ್ಕಳು.

ಪೆಟ್ಟಿಗೆಯನ್ನು ಮುಂದಿನ ಆಸನದ ಹಿಂದೆ, ಕಾರಿನ ನೆಲದ ಮೇಲೆ, ಜಾರದಂತೆ ಹೊದಿಕೆಗಳನ್ನು ತುರುಕಿ ಇಟ್ಟೆವು. ಹಠಾತ್ತನೆ ಬ್ರೇಕ್ ಹಾಕಿದರೂ ಅಲ್ಲಿಂದ ಅದು ಎಸೆಯಲ್ಪಡದು. ಮೊದಲ ಇಪ್ಪತ್ತು ನಿಮಿಷ ಅವಳು ಕೂಗಿದಳು, ಆಮೇಲೆ ಒರಗಿದಳು. ಸಂಪಾಜೆಯಿಂದ ಮೇಲೆ ತಿರುವುಗಳಲ್ಲಿ ಕಾರನ್ನು ನಿಧಾನವಾಗಿಯೇ ನಡೆಸಿದೆವು. ಮಡಿಕೇರಿಯಲ್ಲಿ ನಿಲ್ಲಿಸಿದಾಗ ಮಗ ಮೊದಲು ಎಲ್ಲ ಕಿಟಕಿ ಬಾಗಿಲುಗಳನ್ನು ಪರೀಕ್ಷಿಸಿ ಹೇಳಿದ ಮೇಲಷ್ಟೇ ಪೆಟ್ಟಿಗೆಯ ಬಾಗಿಲು ತೆರೆದೆವು. ಅವಳು ಎರಡು ಗುಟುಕು ನೀರು ನೆಕ್ಕಿದಳು, ಮರಳಿನ ತಟ್ಟೆಯನ್ನು ತಿರಸ್ಕರಿಸಿದಳು. ಆರೋಗ್ಯವಂತ ಬೆಕ್ಕು ಹಲವು ಗಂಟೆ ಮೂತ್ರ ತಡೆಯಬಲ್ಲುದಾದ್ದರಿಂದ ಅದರಲ್ಲಿ ಆತಂಕವಿಲ್ಲ. ತಿಂಡಿಗೆ ನಾವು ಸರದಿಯಂತೆ ಹೋಗಿಬಂದೆವು. ನಿಲ್ಲಿಸಿದ ಕಾರಿನೊಳಗೆ ಬಿಸಿಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಸೆಕೆ ಏರುತ್ತದೆ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡತೊಡಗಿದರೆ ಅದನ್ನು ಕೂಡಲೇ ತಂಪಿಗೆ ತಂದು ಗಾಳಿ ಬೀಸಬೇಕು. ಕಡಿಮೆಯಾಗದಿದ್ದರೆ ವೈದ್ಯರ ಬಳಿಗೆ ಧಾವಿಸಬೇಕು.

ಹೊಸ ಮನೆಯಲ್ಲಿ

ಮೈಸೂರಿನ ಮನೆಯಲ್ಲಿ ಅವಳಿಗೆ ಮೊದಲು ಒಂದೇ ಕೋಣೆ. ಮರಳಿನ ತಟ್ಟೆಗೆ ಹಳೆಯ ಮನೆಯ ಮರಳನ್ನೇ ಒಂದು ಚೀಲ ತಂದಿದ್ದೆವು. ಪೆಟ್ಟಿಗೆಯ ಬಾಗಿಲು ತೆರೆದು, ಕರೆಯದೆ, ಎಳೆಯದೆ ಬಿಟ್ಟೆವು. ಸಂಜೆಯವರೆಗೆ ಅವಳು ಅದರೊಳಗೇ ಇದ್ದಳು. ರಾತ್ರಿ ಹತ್ತಕ್ಕೆ ಹೊರಬಂದು ಉಂಡಳು. ಹೊಸ ಜಾಗದಲ್ಲಿ ಒಂದು ಹೊತ್ತು ಉಣ್ಣದಿರುವುದು ಸಹಜ. ಇಡೀ ದಿನ ಏನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಉಪವಾಸ ಮುಂದುವರಿದರೆ ಬೆಕ್ಕಿನ ಯಕೃತ್ತು ಕೆಡುತ್ತದೆ. ಗಂಡುಬೆಕ್ಕು ಪದೇ ಪದೇ ಮರಳಿನಲ್ಲಿ ಕುಳಿತು ತಿಣುಕಿಯೂ ಮೂತ್ರ ಬಾರದಿದ್ದರೆ ಗಂಟೆಯನ್ನೂ ತಡಮಾಡುವಂತಿಲ್ಲ. ಆತಂಕದ ದಿನಗಳಲ್ಲಿ ಮೂತ್ರನಾಳ ಕಟ್ಟಿಕೊಳ್ಳುವುದುಂಟು.

ಮೂರು ವಾರ ಅವಳನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಹಳೆಯ ನೆಲವನ್ನು ಹುಡುಕಿಕೊಂಡು ಹೊರಟ ಬೆಕ್ಕು ದಾರಿಯಲ್ಲೇ ಕಳೆದುಹೋಗುವುದು ಈ ದಿನಗಳಲ್ಲಿಯೇ. ನಾಲ್ಕನೆಯ ವಾರ, ಊಟಕ್ಕೆ ಸ್ವಲ್ಪ ಮುನ್ನ, ಹಸಿದಿರುವಾಗ, ನಾವು ಜೊತೆಗಿದ್ದು ಅಂಗಳಕ್ಕೆ ಬಿಟ್ಟೆವು. ಬೇಲಿಯಾಚೆ ಯಾರೋ ಕುಕ್ಕರಿನ ಸೀಟಿ ಹೊಡೆಸಿದರು. ಬೊಳ್ಳಿ ಬೆಚ್ಚಿ ಓಟ ಕಿತ್ತಳು. ಗೇಟಿನ ಕಡೆಗಲ್ಲ; ನಡುಮನೆಯ ಮೂಲೆಯಲ್ಲಿದ್ದ ಪೆಟ್ಟಿಗೆಯೊಳಕ್ಕೆ.